ಬೆಳಗಿನ ಹಾಲಿಗೆ ಫ್ಯಾಟು ಯಾಕೆ ಬರುತ್ತಿರಲಿಲ್ಲ: ಧಾರವಾಡದ ಹತ್ತಿರದ ಒಂದು ದನದ ಮನೆಯ ದಿನಚರಿ

ಧಾರವಾಡದಿಂದ ಕಲಘಟಗಿ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿ. ಪ್ಯಾಟಿಗೆ ಬೈಕಿನಲ್ಲಿ ಅರ್ಧ ತಾಸಿನ ದಾರಿ. ಗಂಡ, ಹೆಂಡತಿ, ವಯಸ್ಸಾದ ಅತ್ತೆ, ಕಾಲೇಜಿಗೆ ಹೋಗುವ ಮಗ. ಕೊಟ್ಟಿಗೆಯಲ್ಲಿ ನಾಲ್ಕು ಎಚ್‌ಎಫ್ ಮಿಶ್ರತಳಿ ಆಕಳು, ಗಬ್ಬ ಇರುವ ಒಂದು ಧಾರವಾಡಿ ಎಮ್ಮೆ, ಎರಡು ಕರು. ಆಕಳುಗಳಲ್ಲಿ ಮೂರು ಹಾಲು ಕೊಡುತ್ತಿದ್ದವು. ಒಂದು ಬತ್ತಿತ್ತು. ಮೂರರಿಂದಲೂ ಸೇರಿ ದಿನಕ್ಕೆ 30 ಲೀಟರ್ ಹಾಲು.

ಇವರ ತಕರಾರು ಒಂದೇ. ಊರಿನ ಡೇರಿಯಲ್ಲಿ ಬೆಳಗಿನ ಹಾಲಿಗೆ ಫ್ಯಾಟು 3.1, ಜಾಸ್ತಿ ಅಂದರೆ 3.2 ಬರುತ್ತಿತ್ತು. ಡೇರಿಯಲ್ಲಿ ಆಕಳ ಹಾಲಿನ ದರಕ್ಕೆ ಆಧಾರ 3.5 ಫ್ಯಾಟು, 8.5 ಎಸ್‌ಎನ್‌ಎಫ್. ಎಸ್‌ಎನ್‌ಎಫ್ ಅಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಅದಕ್ಕಿಂತ ಕೆಳಗೆ ಹೋದ ಹಾಗೆ ದರ ಇಳಿಯುತ್ತದೆ. ಬಟವಡೆ ಚೀಟಿ ನೋಡಿದಾಗಲೆಲ್ಲ ಮನೆಯಲ್ಲಿ ಮಾತು ಬೆಳೆಯುತ್ತಿತ್ತು. "ಮೇವಿಗೆ ಏನೂ ಕಡಿಮೆ ಮಾಡಿಲ್ರೀ. ಹತ್ತಿಕಾಳ ಹಿಂಡಿ ಜಾಸ್ತಿ ಹಾಕೀನಿ. ಆದರೂ ಫ್ಯಾಟ್ ಏರವಲ್ದು" ಎಂದು ಮನೆಯಾಕೆ ಹೇಳಿದರು. ದಿನಕ್ಕೆ ಒಂದೊಂದು ಆಕಳಿಗೆ ಒಂದು ಕಿಲೋ ಹಿಂಡಿ ಹೆಚ್ಚಿಸಿ ಒಂದು ತಿಂಗಳ ಮೇಲಾಗಿತ್ತು. ಹಿಂಡಿಯ ಖರ್ಚು ಏರಿತ್ತು, ಫ್ಯಾಟು ಇದ್ದಲ್ಲೇ ಇತ್ತು.

ಫ್ಯಾಟು ಕಡಿಮೆ ಅಂದ ಕೂಡಲೇ ನಾವೆಲ್ಲ ಮೊದಲು ನೋಡುವುದು ಗ್ವಾದಲಿ ಕಡೆಗೆ. ಇಲ್ಲಿ ನೋಡಬೇಕಾಗಿದ್ದದ್ದು ಗಡಿಯಾರ.

ಹಳೆಯ ದಿನಚರಿ

ಬೆಳಿಗ್ಗೆ ಆರಕ್ಕೆ ಹಿಂಡುತ್ತಿದ್ದರು. ಆ ಹಾಲು ಪೂರ್ತಿ ಡೇರಿಗೆ. ಮಧ್ಯಾಹ್ನ ಮೂರೂವರೆಗೆ ಮತ್ತೆ ಹಿಂಡುತ್ತಿದ್ದರು. ಆ ಹಾಲು ಧಾರವಾಡಕ್ಕೆ. ಒಂದು ಚಹಾ ಅಂಗಡಿಗೆ 5 ಲೀಟರ್, ಕೆಲವು ಮನೆಗಳಿಗೆ ಸೇರಿ 7 ಲೀಟರ್. ಚಹಾ ಅಂಗಡಿಯವರು ಸಂಜೆ ಗಿರಾಕಿ ಬರುವ ಮೊದಲೇ, ಅಂದರೆ ನಾಲ್ಕೂವರೆಯೊಳಗೆ ಹಾಲು ಬೇಕು ಎನ್ನುತ್ತಿದ್ದರು. ಅದಕ್ಕೇ ಮೂರೂವರೆ. ಹಾಗೆ ನೋಡಿದರೆ ಈ ಕೊಟ್ಟಿಗೆಯ ದಿನವನ್ನು ಗೊತ್ತು ಮಾಡಿದ್ದು ಐದು ಲೀಟರ್ ಕೊಳ್ಳುವ ಒಬ್ಬ ಗಿರಾಕಿ.

ಬೆಳಗಿನ ಆರರಿಂದ ಮೂರೂವರೆವರೆಗೆ ಒಂಬತ್ತೂವರೆ ತಾಸು. ಮೂರೂವರೆಯಿಂದ ಮರುದಿನ ಆರರವರೆಗೆ ಹದಿನಾಲ್ಕೂವರೆ ತಾಸು. ಈ ಎರಡು ಅಂತರಗಳ ನಡುವಿನ ಐದು ತಾಸಿನ ವ್ಯತ್ಯಾಸವೇ ಇಡೀ ಪ್ರಕರಣದ ಮೂಲ. ಆದರೆ ಅದನ್ನು ಹೇಳುವ ಮೊದಲು ಇನ್ನೆರಡು ಅನುಮಾನಗಳನ್ನು ತೀರಿಸಿಕೊಳ್ಳಬೇಕಿತ್ತು.

ಮೊದಲು ಕರು ಮತ್ತು ಕ್ಯಾನು

ಹಿಂಡುವಾಗ ಮೊದಲು ಬರುವ ಹಾಲು ತೆಳು. ಕೊನೆಗೆ ಬರುವ ಹಾಲು ದಪ್ಪ. ಮೊದಲ ಧಾರೆಗಳಲ್ಲಿ ಫ್ಯಾಟು ಒಂದು-ಎರಡು ಇದ್ದರೆ, ಕೊನೆಯ ಧಾರೆಗಳಲ್ಲಿ ಅದರ ಮೂರು-ನಾಲ್ಕು ಪಟ್ಟು ಇರುತ್ತದೆ. ಈ ಮನೆಯಲ್ಲಿ ಒಂದು ಆಕಳ ಕರು ಇನ್ನೂ ಚಿಕ್ಕದು. ಬೆಳಿಗ್ಗೆ ಹಿಂಡಿ ಮುಗಿಸಿ, ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು. ಅದು ಕರುಣೆಯ ರೂಢಿ, ತಪ್ಪು ಅನ್ನಲಾಗದು. ಆದರೆ ಡೇರಿಗೆ ಹೋಗಬೇಕಾದ ಬೆಣ್ಣೆಯ ಭಾಗ ಅಲ್ಲೇ ಹೋಗುತ್ತಿತ್ತು.

ಅದನ್ನು ಹೀಗೆ ಬದಲಿಸಿದರು. ಮೊದಲು ಕರುವನ್ನು ನಾಲ್ಕೈದು ಗುಟುಕು ಕುಡಿಯಲು ಬಿಡುವುದು. ಆಕಳು ಹಾಲು ಬಿಟ್ಟ ಮೇಲೆ ಕರುವನ್ನು ಎದುರಿಗೆ ಕಟ್ಟುವುದು. ಕೆಚ್ಚಲು ಪೂರ್ತಿ ಹಿಂಡಿದ ಮೇಲೆ ಕರುವಿನ ಪಾಲನ್ನು ಅಳೆದು ಬಾಟಲಿಯಲ್ಲಿ ಕುಡಿಸುವುದು. ಕರುವಿನ ತೂಕದ ಹತ್ತರಲ್ಲಿ ಒಂದು ಭಾಗ ದಿನದ ಹಾಲು ಅನ್ನುವುದು ಲೆಕ್ಕ. 40 ಕಿಲೋ ಕರುವಿಗೆ ಬೆಳಿಗ್ಗೆ ಎರಡು ಲೀಟರ್, ಸಂಜೆ ಎರಡು ಲೀಟರ್. ಕರುವಿಗೂ ಏನೂ ಕಡಿಮೆ ಆಗಲಿಲ್ಲ.

ಇನ್ನೊಂದು ಕ್ಯಾನು. ಹಾಲು ಸುಮ್ನೆ ನಿಂತರೆ ಜಿಡ್ಡು ಮೇಲಕ್ಕೆ ಬರುತ್ತದೆ. ಡೇರಿಯ ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತ ಕ್ಯಾನನ್ನು ಕಲಕದೆ ಕೆಳಗಿನಿಂದ ಸ್ಯಾಂಪಲ್ ತೆಗೆದರೆ ಫ್ಯಾಟು ಕಡಿಮೆ ತೋರಿಸುತ್ತದೆ. ಸ್ಯಾಂಪಲ್ ಕೊಡುವ ಮುಂಚೆ ಕ್ಯಾನಿನ ತಳದಿಂದ ಮೇಲಕ್ಕೆ ಚೆನ್ನಾಗಿ ಕಲಕಿ ಕೊಡಿ ಎಂದು ಮಗನಿಗೆ ಹೇಳಲಾಯಿತು.

ಇವೆರಡರಿಂದ ಬೆಳಗಿನ ಫ್ಯಾಟು 3.3ಕ್ಕೆ ಬಂತು. ಅಲ್ಲಿಗೆ ನಿಂತಿತು.

ಬೆಳಗಿನದು ಬೇರೆ, ಸಂಜೆಯದು ಬೇರೆ

ಸಂಜೆಯ ಹಾಲು ಡೇರಿಗೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಅದರ ಫ್ಯಾಟು ಎಷ್ಟು ಎಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಹಿಂಡಿದ ಹಾಲಿನ ಒಂದು ಚಿಕ್ಕ ಬಾಟಲಿಯನ್ನು ಡೇರಿಗೆ ಒಯ್ದು ಪರೀಕ್ಷೆ ಮಾಡಿಸಿದಾಗ ಬಂದದ್ದು 4.4. ಅದೇ ಆಕಳು, ಅದೇ ಮೇವು, ಅದೇ ದಿನ.

ಈಗ ಲೆಕ್ಕ ಮಾಡಿ ನೋಡೋಣ. ಬೆಳಿಗ್ಗೆ 18 ಲೀಟರ್, 3.3 ಫ್ಯಾಟು. ಅದರಲ್ಲಿ ಸುಮಾರು 594 ಗ್ರಾಂ ಜಿಡ್ಡು. ಮಧ್ಯಾಹ್ನ 12 ಲೀಟರ್, 4.4 ಫ್ಯಾಟು. ಅದರಲ್ಲಿ 528 ಗ್ರಾಂ. ಒಟ್ಟು 30 ಲೀಟರಿಗೆ 1,122 ಗ್ರಾಂ. ಸರಾಸರಿ ತೆಗೆದರೆ 3.74. ಎಚ್‌ಎಫ್ ಮಿಶ್ರತಳಿಗೆ ಇದು ಒಳ್ಳೆಯ ಫ್ಯಾಟೇ. ಅಂದರೆ ಆಕಳುಗಳಲ್ಲಿ ಕೊರತೆ ಇರಲಿಲ್ಲ, ಮೇವಿನಲ್ಲೂ ಇರಲಿಲ್ಲ. ಜಿಡ್ಡು ಎರಡು ಹೊತ್ತಿಗೆ ಸಮ ಹಂಚಿಕೆ ಆಗುತ್ತಿರಲಿಲ್ಲ, ಅಷ್ಟೇ.

ಹೀಗೆ ಯಾಕೆ ಆಗುತ್ತದೆ? ಎಷ್ಟೇ ಚೆನ್ನಾಗಿ ಹಿಂಡಿದರೂ ಕೆಚ್ಚಲಿನ ಒಳಗೆ ಸ್ವಲ್ಪ ಹಾಲು ಉಳಿಯುತ್ತದೆ. ಆ ಉಳಿದ ಹಾಲು ಬಹಳ ದಪ್ಪ. ಮುಂದಿನ ಸಲ ಹಿಂಡುವಾಗ ಅದು ಹೊಸ ಹಾಲಿನ ಜೊತೆ ಬರುತ್ತದೆ. ಅಂತರ ಕಡಿಮೆ ಇದ್ದರೆ ಹೊಸ ಹಾಲು ಕಡಿಮೆ, ಆದ್ದರಿಂದ ಒಟ್ಟು ಹಾಲು ದಪ್ಪ. ಅಂತರ ಹೆಚ್ಚಿದ್ದರೆ ಹೊಸ ಹಾಲು ಹೆಚ್ಚು, ದಪ್ಪ ಹಾಲು ಅದರಲ್ಲಿ ಕರಗಿ ಹೋಗುತ್ತದೆ. ಇದಕ್ಕೆ ಹಿಂಡಿ ಹಾಕಿ ಪರಿಹಾರ ಹುಡುಕಿದರೆ ಸಿಗುವುದಿಲ್ಲ.

ಫ್ಯಾಟು ಕಡಿಮೆ ಬರುವ ಯಾರೇ ಆಗಲಿ, ಮೊದಲು ಎರಡೂ ಹೊತ್ತಿನ ಹಾಲನ್ನು ಬೇರೆ ಬೇರೆ ಪರೀಕ್ಷೆ ಮಾಡಿಸಬೇಕು. ಒಂದು ಹೊತ್ತು ಇಳಿದು, ಇನ್ನೊಂದು ಹೊತ್ತು ಏರಿದ್ದರೆ ದೋಷ ಸಮಯದ್ದು. ಎರಡೂ ಹೊತ್ತು ಇಳಿದಿದ್ದರೆ ಆಗ ಮೇವಿನ ಕಡೆ ನೋಡಬೇಕು. ಒಣ ಮೇವು ಸಾಲದೆ ಬರೀ ಹಸಿರು ಮತ್ತು ಹಿಂಡಿಯ ಮೇಲೆ ಆಕಳು ನಿಂತಿದೆಯಾ, ಮೆಲುಕು ಹಾಕುವುದು ಕಡಿಮೆ ಆಗಿದೆಯಾ ಎಂದು ಪರೀಕ್ಷಿಸಬೇಕು.

ಇಲ್ಲಿ ಒಬ್ಬರು ಕೇಳಬಹುದು: ಸಂಜೆಯ ದಪ್ಪ ಹಾಲನ್ನು ಡೇರಿಗೆ ಕೊಟ್ಟು, ಬೆಳಗಿನದನ್ನು ಮನೆಗಳಿಗೆ ಕೊಟ್ಟರೆ ಆಯ್ತಲ್ವಾ? ಡೇರಿಯ ಚೀಟಿ ಚೆಂದ ಕಾಣುತ್ತದೆ, ಖರೆ. ಆದರೆ ವರ್ಷಗಟ್ಟಲೆ 4.4ರ ಹಾಲು ಕುಡಿದ ಮನೆಗಳಿಗೆ ಒಮ್ಮೆಲೇ 3.3ರ ಹಾಲು ಹೋದರೆ, "ನೀರು ಹಾಕಾಕ ಹತ್ತೀರೇನ್ರಿ" ಎಂಬ ಮಾತು ಬರುವುದು ಖಚಿತ. ಅದನ್ನು ಸುಳ್ಳು ಎಂದು ತೋರಿಸುವುದು ಹಾಲು ಮಾರುವವರಿಗೆ ಬಹಳ ಕಷ್ಟ.

ಹೊಸ ವೇಳೆ

ಬೆಳಿಗ್ಗೆ 5:15, ಸಂಜೆ 5:00. ಹಗಲಿನ ಅಂತರ ಹನ್ನೆರಡು ತಾಸಿಗೆ ಕಾಲು ತಾಸು ಕಡಿಮೆ, ರಾತ್ರಿಯದು ಕಾಲು ತಾಸು ಜಾಸ್ತಿ. ಇದನ್ನು ಮಾಡಲು ಚಹಾ ಅಂಗಡಿಯ ಹಾಲನ್ನು ಬೆಳಿಗ್ಗೆಗೆ ತರಬೇಕಾಯಿತು. ಅಂಗಡಿಯವರು ಮೊದಲು ಒಪ್ಪಲಿಲ್ಲ. ಬೆಳಿಗ್ಗೆ ಬಂದ ಹಾಲನ್ನು ಕೂಡಲೇ ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿ ಇಟ್ಟರೆ ಸಂಜೆಗೂ ಆಗುತ್ತದೆ ಎಂದು ಒಂದು ವಾರ ಮಾಡಿ ನೋಡಿದ ಮೇಲೆ ಒಪ್ಪಿದರು. ಮನೆಗಳಲ್ಲಿ ಇಬ್ಬರು ಸಂಜೆಯ ಹಾಲೇ ಬೇಕು ಎಂದು ಬಿಟ್ಟುಹೋದರು. ಅವರ ಜಾಗಕ್ಕೆ ಅದೇ ಓಣಿಯಲ್ಲಿ ಬೆಳಗಿನ ಹಾಲಿಗೆ ಬೇರೆಯವರು ಸಿಕ್ಕರು.

ಸಮಯವನ್ನು ಒಂದೇ ದಿನದಲ್ಲಿ ಬದಲಿಸಲಿಲ್ಲ. ಆಕಳಿಗೆ ಹಿಂಡುವ ಹೊತ್ತು ಮೈಯಲ್ಲಿ ಕೂತಿರುತ್ತದೆ. ಆ ಹೊತ್ತಾದರೆ ಕೊಟ್ಟಿಗೆಯಲ್ಲಿ ಸದ್ದು ಶುರುವಾಗುತ್ತದೆ, ಕೆಚ್ಚಲಿನಿಂದ ಹನಿ ಬೀಳುತ್ತದೆ. ಆದ್ದರಿಂದ ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಸರಿಸಿದರು. ಸಂಜೆಯದನ್ನು ಒಂದೂವರೆ ತಾಸು ಸರಿಸಲು ಆರು ಹೆಜ್ಜೆ, ಬೆಳಗಿನದಕ್ಕೆ ಮೂರು ಹೆಜ್ಜೆ. ನಡುವಿನ ದಿನಗಳಲ್ಲಿ ಹಾಲು ಸ್ವಲ್ಪ ಏರುಪೇರಾಯಿತು, ಆಮೇಲೆ ಮೊದಲಿನಷ್ಟಕ್ಕೇ ಬಂತು.

ಬದಲಾವಣೆ ಪೂರ್ತಿಯಾದ ಮೇಲೆ ಬೆಳಿಗ್ಗೆ 15.3 ಲೀಟರ್, ಫ್ಯಾಟು 3.65. ಸಂಜೆ 14.7 ಲೀಟರ್, ಫ್ಯಾಟು 3.85. ಒಟ್ಟು ಜಿಡ್ಡು 1,124 ಗ್ರಾಂ. ಹಳೆಯದಕ್ಕೂ ಇದಕ್ಕೂ ಎರಡೇ ಗ್ರಾಂ ವ್ಯತ್ಯಾಸ. ಆಕಳು ಕೊಟ್ಟದ್ದು ಅಷ್ಟೇ, ಎರಡೂ ಹೊತ್ತು 3.5 ದಾಟಿತು. ಹೆಚ್ಚಿಸಿದ್ದ ಹಿಂಡಿಯನ್ನು ಮೆಲ್ಲಗೆ ಇಳಿಸಿದರು. ಈಗ ಬೆಳಗಿನ 12 ಲೀಟರ್ ಧಾರವಾಡಕ್ಕೆ ಹೋಗುತ್ತದೆ. ಉಳಿದ ಮೂರು ಲೀಟರ್ ಮತ್ತು ಸಂಜೆಯ ಹಾಲೆಲ್ಲ ಡೇರಿಗೆ. ಡೇರಿಗೆ ಹಾಕಿದ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಸಿಗುತ್ತದೆ. ಆದ್ದರಿಂದ ಡೇರಿಯ ಪಾಲು ಮೊದಲಿನಷ್ಟೇ ಉಳಿದದ್ದು ಮನೆಯವರಿಗೆ ಸಮಾಧಾನ.

ಇನ್ನೊಂದು ಲಾಭ ಬೇಸಿಗೆಯಲ್ಲಿ ಕಂಡಿತು. ಮೊದಲು ಮಧ್ಯಾಹ್ನ ಮೂರೂವರೆಯ ಬಿಸಿಲಿನಲ್ಲಿ ಹಿಂಡಿದ ಹಾಲು ಬೈಕಿನ ಮೇಲೆ ಒಂದು ತಾಸು ಸುತ್ತುತ್ತಿತ್ತು. ಏಪ್ರಿಲಿನಲ್ಲಿ ಕಾಯಿಸುವಾಗ ಹಾಲು ಒಡೆಯುವುದು ಹೊಸದಾಗಿರಲಿಲ್ಲ. ಈಗ ಪ್ಯಾಟಿಯ ಹಾಲು ಬೆಳಗಿನ ತಂಪಿನಲ್ಲಿ ಹೋಗುತ್ತದೆ.

ಬೆಳಗಿನ ಒಂದೂಕಾಲು ತಾಸು

ಇಡೀ ದಿನದಲ್ಲಿ ಬಿಗಿಯಾದದ್ದು 4:45ರಿಂದ 6:00ರ ನಡುವಿನ ಹೊತ್ತು. 6:00ಕ್ಕೆ ಬೈಕು ಹೊರಡಬೇಕು, 6:30ಕ್ಕೆ ಮೊದಲ ಮನೆ ಮುಟ್ಟಬೇಕು. ಇದನ್ನು ಹಿಂದಿನಿಂದ ಲೆಕ್ಕ ಹಾಕಿ ಜೋಡಿಸಲಾಗಿದೆ.

4:45ಕ್ಕೆ ಯಜಮಾನರು ಹೆಂಡಿ ಬಳಿಯುತ್ತಾರೆ. ಮೊದಲು ಇದು ಮನೆಯಾಕೆಯ ಕೆಲಸ ಆಗಿತ್ತು. ಈಗ ಕೆಲಸ ಅದಲು ಬದಲು ಮಾಡಿಕೊಂಡಿದ್ದಾರೆ. ಹೆಂಡಿ ಬಳಿದ ಕೈಯನ್ನು ಚೆನ್ನಾಗಿ ತೊಳೆಯದೆ ಕೆಚ್ಚಲು ಮುಟ್ಟಬಾರದು. ಈ ಹೊತ್ತಿಗೆ ಒಣ ಕಸ ಗುಡಿಸುವುದಿಲ್ಲ, ಕಣಿಕೆ ಹಾಕುವುದಿಲ್ಲ. ಧೂಳು ಏಳುತ್ತದೆ, ಅದು ಹಾಲಿನ ಪಾತ್ರೆಗೇ ಬೀಳುತ್ತದೆ. ಹೆಂಡಿ ತೆಗೆದು, ಗಂಜಲದ ಕಾಲುವೆಗೆ ನೀರು ಬಿಟ್ಟು, ನೆಲ ಆರಲು ಬಿಡುತ್ತಾರೆ.

5:15ಕ್ಕೆ ಇಬ್ಬರೂ ಕೈ ತೊಳೆದು ಕೂರುತ್ತಾರೆ. ಪಾತ್ರೆ, ಕ್ಯಾನು, ಬಟ್ಟೆ, ಕರುವಿನ ಬಾಟಲಿ ಎಲ್ಲ ಪಕ್ಕದಲ್ಲಿ ಇಟ್ಟುಕೊಂಡ ಮೇಲೆಯೇ ಕೆಚ್ಚಲು ಮುಟ್ಟುವುದು. ಇದು ಬಹಳ ಮುಖ್ಯ. ಕೆಚ್ಚಲು ತೊಳೆದು ಒರೆಸಿದ ಒಂದು ನಿಮಿಷದಲ್ಲಿ ಆಕಳು ಹಾಲು ಬಿಡುತ್ತದೆ. ಆ ಬಿಡುವಿಕೆ ಐದರಿಂದ ಏಳು ನಿಮಿಷ ಮಾತ್ರ ಇರುತ್ತದೆ. ತೊಳೆದ ಮೇಲೆ ಪಾತ್ರೆ ತರಲು ಮನೆಯೊಳಗೆ ಹೋಗಿ ಬಂದರೆ ಅರ್ಧ ಹೊತ್ತು ಹೋಯಿತು. ಕೊನೆಯ ದಪ್ಪ ಹಾಲು ಕೆಚ್ಚಲಲ್ಲೇ ನಿಲ್ಲುತ್ತದೆ.

ಮೊಲೆಗಳನ್ನು ಮಾತ್ರ ಸ್ವಲ್ಪ ನೀರಿನಲ್ಲಿ ತೊಳೆದು, ಒಂದು ಆಕಳಿಗೆ ಒಂದು ಬಟ್ಟೆ ಎಂಬಂತೆ ಒರೆಸುತ್ತಾರೆ. ಕೆಚ್ಚಲಿಗೆಲ್ಲ ನೀರು ಸುರಿದರೆ ಹೊಲಸು ನೀರು ಮೊಲೆಯ ತುದಿಗೆ ಇಳಿಯುತ್ತದೆ. ಮೊದಲ ಎರಡು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡುತ್ತಾರೆ. ಹಾಲಿನಲ್ಲಿ ಬಿಳಿ ಗರಣೆ ಇದ್ದರೆ ಕಪ್ಪಿನ ಮೇಲೆ ಕೂಡಲೇ ಕಾಣುತ್ತದೆ. ಅದು ಕೆಚ್ಚಲು ಬಾವಿನ ಮೊದಲ ಗುರುತು. ಕೆಚ್ಚಲು ಕೆಂಪಾಗಿ, ಗಟ್ಟಿಯಾಗಿ, ಬಿಸಿಯಾಗುವ ತನಕ ಕಾದರೆ ಬಹಳ ತಡವಾಗಿರುತ್ತದೆ. ಗರಣೆ ಕಂಡ ಆಕಳನ್ನು ಕೊನೆಗೆ ಹಿಂಡುವುದು, ಆ ಹಾಲನ್ನು ಬೇರೆ ಇಡುವುದು, ಅದೇ ದಿನ ಪಶುವೈದ್ಯರನ್ನು ಕರೆಸುವುದು. ಔಷಧ ಹಾಕಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಕ್ಯಾನಿಗೆ ಸೇರಬಾರದು.

ಹೆಬ್ಬೆರಳು ಮಡಚಿ ಹಿಂಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅದು ಮೊಲೆಯ ಒಳಪದರಕ್ಕೆ ಪೆಟ್ಟು ಕೊಡುತ್ತದೆ. ಈ ಮನೆಯಲ್ಲಿ ಮುಷ್ಟಿ ಪೂರ್ತಿ ಹಿಡಿದು ಹಿಂಡುತ್ತಾರೆ. ಮೊದಮೊದಲು ಮುಂಗೈ ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ. ಹಿಂಡಿದ ಕೂಡಲೇ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾರೆ.

5:50ಕ್ಕೆ ಹಿಂಡುವುದು ಮುಗಿಯುತ್ತದೆ. ಆಗ ಗ್ವಾದಲಿಗೆ ಹಸಿ ಮೇವು ಬೀಳುತ್ತದೆ. ಮೇವನ್ನು ಹಿಂಡಿದ ಮೇಲೆ ಹಾಕುವುದಕ್ಕೆ ಒಂದು ಕಾರಣ ಇದೆ. ಮೊಲೆಯ ತೂತು ಪೂರ್ತಿ ಮುಚ್ಚಲು ಅರ್ಧ ತಾಸಿನಿಂದ ಒಂದು ತಾಸು ಬೇಕು. ಅಷ್ಟರೊಳಗೆ ಆಕಳು ಮಲಗಿದರೆ ನೆಲದ ಹೊಲಸು ನೇರವಾಗಿ ಒಳಗೆ ಹೋಗುತ್ತದೆ. ಎದುರಿಗೆ ಹಸಿರು ಇದ್ದರೆ ಅದು ನಿಂತೇ ಇರುತ್ತದೆ. ಮಳೆಗಾಲದಲ್ಲಿ, ನೆಲ ಆರದ ದಿನಗಳಲ್ಲಿ, ಕೆಚ್ಚಲು ಬಾವು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

6:00ಕ್ಕೆ ಯಜಮಾನರು ಬೈಕ್ ಹತ್ತುತ್ತಾರೆ. ಮಗ ಉಳಿದ ಹಾಲನ್ನು 6:30ಕ್ಕೆ ಡೇರಿಗೆ ಒಯ್ಯುತ್ತಾನೆ. ಅಲ್ಲಿಯವರೆಗೆ ಆ ಕ್ಯಾನು ತಣ್ಣೀರಿನ ತೊಟ್ಟಿಯಲ್ಲಿ ಕೂತಿರುತ್ತದೆ.

ಉಳಿದ ದಿನ

ಹಿಂಡಿ ಮತ್ತು ಬೂಸಾ ಎರಡು ಪಾಲು, ಹಿಂಡುವ ಹೊತ್ತಿಗೆ. ದಿನಕ್ಕೆ ಹತ್ತು ಲೀಟರ್ ಕೊಡುವ ಆಕಳಿಗೆ ಮೈ ಉಳಿಸಲು ಒಂದೂವರೆ ಕಿಲೋ, ಹಾಲಿಗೆ ಎರಡೂವರೆ ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ನಾಲ್ಕು ಕಿಲೋ. ಒಟ್ಟು ಐದೂವರೆ. ಅದರ ಜೊತೆ 50 ಗ್ರಾಂ ಖನಿಜ ಮಿಶ್ರಣ. ಹಸಿರಿಗೆ ಹೊಲದ ಬದುವಿನಲ್ಲಿ ನೇಪಿಯರ್ ಹುಲ್ಲು ಇದೆ. ಕತ್ತರಿಸಿ, ಎರಡು ಹೊತ್ತು ಸೇರಿ ಇಪ್ಪತ್ತು ಕಿಲೋ. ಜೋಳದ ಕಣಿಕೆ ಐದು ಕಿಲೋ, ಅದರಲ್ಲಿ ಹೆಚ್ಚಿನ ಪಾಲು ರಾತ್ರಿ ಎಂಟೂವರೆಗೆ. ರಾತ್ರಿ ಆಕಳು ಮಲಗಿ ಮೆಲುಕು ಹಾಕಲು ಅದು ಬೇಕು.

ಪ್ಯಾಟಿಯಿಂದ ಬಂದ ಮೇಲೆ, ಒಂಬತ್ತರ ಹೊತ್ತಿಗೆ, ಕೊಟ್ಟಿಗೆಯ ದೊಡ್ಡ ಸ್ವಚ್ಛತೆ. ಕಸ ಗುಡಿಸುವುದು, ಗ್ವಾದಲಿಯ ಹಳಸಿದ ಮೇವು ತೆಗೆಯುವುದು, ನೀರಿನ ತೊಟ್ಟಿ ತಿಕ್ಕುವುದು ಆಗಲೇ. ನೀರು ಹಗಲೆಲ್ಲ ಎದುರಿಗೆ ಇರಬೇಕು. ದಿನಕ್ಕೆ ಎರಡೇ ಸಲ ಬಕೆಟ್ಟಿನಲ್ಲಿ ಕುಡಿಸಿದರೆ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ. ಹನ್ನೆರಡರಿಂದ ಮೂರರವರೆಗೆ ಕೊಟ್ಟಿಗೆಗೆ ಯಾರೂ ಹೋಗುವುದಿಲ್ಲ. ಎಮ್ಮೆಯ ಮೈಗೆ ಮಾತ್ರ ಬಿಸಿಲಿನ ದಿನಗಳಲ್ಲಿ ಎರಡು ಸಲ ನೀರು ಹೊಡೆಯುತ್ತಾರೆ. ಕಪ್ಪು ತೊಗಲಿನ ಎಮ್ಮೆ ಬಿಸಿ ತಡೆಯುವುದಿಲ್ಲ.

ಕ್ಯಾನು ತೊಳೆಯುವ ಕೆಲಸ ಅತ್ತೆಯವರದು. ಮೊದಲು ತಣ್ಣೀರು, ಆಮೇಲೆ ತೊಳೆಯುವ ಸೋಡಾ ಹಾಕಿದ ಬಿಸಿನೀರು, ಕೊನೆಗೆ ಬಿಸಿಲಿನಲ್ಲಿ ಬೋರಲು ಹಾಕುವುದು. ನೇರವಾಗಿ ಬಿಸಿನೀರು ಹಾಕಿದರೆ ಹಾಲಿನ ಅಂಶ ಒಳಗೋಡೆಗೆ ಅಂಟಿಕೊಂಡು ಬೇಯುತ್ತದೆ. ಆ ತೆಳು ಪದರವೇ ಮರುದಿನದ ಹಾಲನ್ನು ಕೆಡಿಸುವುದು. ಕ್ಯಾನಿನ ಒಳಗೆ ಬೆರಳು ಆಡಿಸಿದಾಗ ಜಾರಿದಂತೆ ಅನಿಸಿದರೆ ತೊಳೆದದ್ದು ಸಾಲದು.

ಸಂಜೆ ನಾಲ್ಕೂವರೆಗೆ ಮತ್ತೆ ಹೆಂಡಿ, ಐದಕ್ಕೆ ಹಿಂಡುವುದು, ಆರರೊಳಗೆ ಡೇರಿ. ಕ್ರಮ ಬೆಳಗಿನದೇ.

ಸಮಯದಿಂದ ಸರಿಯಾಗದ್ದು

ಎಸ್‌ಎನ್‌ಎಫ್ ಈ ಬದಲಾವಣೆಯಿಂದ ಏರಲಿಲ್ಲ. ಮೂರು ಆಕಳುಗಳಲ್ಲಿ ಒಂದರ ಹಾಲು 8.2ರಲ್ಲೇ ನಿಂತಿತ್ತು. ಹಿಂಡುವ ಅಂತರ ಬದಲಿಸಿದರೆ ಫ್ಯಾಟು ಸರಿಯುತ್ತದೆ, ಎಸ್‌ಎನ್‌ಎಫ್ ಹೆಚ್ಚೇನೂ ಅಲುಗುವುದಿಲ್ಲ. ಆ ಆಕಳು ಕರು ಹಾಕಿದ ಮೇಲೆ ಬಹಳ ಬಡವಾಗಿತ್ತು, ಪಕ್ಕೆ ಎಲುಬು ಎಣಿಸುವ ಹಾಗಿತ್ತು. ಮೈಯಲ್ಲಿ ಶಕ್ತಿ ಸಾಲದಿದ್ದರೆ ಎಸ್‌ಎನ್‌ಎಫ್ ಬೀಳುತ್ತದೆ. ಅದಕ್ಕೆ ಗೋವಿನಜೋಳದ ನುಚ್ಚು ಶುರು ಮಾಡಿದರು. ಮೊದಲು ಕಾಲು ಕಿಲೋ, ಒಂದು ವಾರದ ಮೇಲೆ ಅರ್ಧ ಕಿಲೋ. ಒಮ್ಮೆಲೇ ಹೆಚ್ಚು ನುಚ್ಚು ಕೊಟ್ಟರೆ ಹೊಟ್ಟೆ ಹುಳಿಯಾಗಿ ಆಕಳು ಮೇವು ಬಿಡುತ್ತದೆ, ಹೆಂಡಿ ನೀರಾಗುತ್ತದೆ. ಎಸ್‌ಎನ್‌ಎಫ್ ಈಗ 8.4ಕ್ಕೆ ಬಂದಿದೆ. ಇನ್ನೂ 8.5 ಮುಟ್ಟಿಲ್ಲ.

ಈ ವೇಳಾಪಟ್ಟಿ ಎಲ್ಲ ಮನೆಗೂ ಹೊಂದುವುದಿಲ್ಲ. ಹಿಂಡುವವರು ಒಬ್ಬರೇ ಇದ್ದರೆ ಮೂರು ಆಕಳನ್ನು ಮುಕ್ಕಾಲು ತಾಸಿನೊಳಗೆ ಮುಗಿಸುವುದು ಕಷ್ಟ. ಅಂಥಲ್ಲಿ ಹದಿಮೂರು-ಹನ್ನೊಂದು ತಾಸಿನ ಅಂತರ ಇಟ್ಟುಕೊಂಡರೂ ಫ್ಯಾಟಿನ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಹನ್ನೆರಡಕ್ಕೆ ಹನ್ನೆರಡೇ ಆಗಬೇಕು ಎಂಬ ಹಟ ಬೇಡ. ದಿನದಿನವೂ ಅದೇ ಹೊತ್ತಿಗೆ ಕೂರುವುದು ಅದಕ್ಕಿಂತ ದೊಡ್ಡದು.

ಎಮ್ಮೆ ಕರು ಹಾಕುವ ದಿನ ಹತ್ತಿರ ಬಂದಿದೆ. ಎಮ್ಮೆ ಹಾಲು ಬಿಡುವುದು ಆಕಳಿಗಿಂತ ನಿಧಾನ, ಹಿಂಡಲೂ ಗಟ್ಟಿ. ಅದೊಂದಕ್ಕೇ ಹದಿನೈದು ನಿಮಿಷ ಬೇಕು. ಜೊತೆಗೆ ಬತ್ತಿದ ಆಕಳೂ ಗಬ್ಬ ಇದೆ, ಅದು ಇನ್ನೆರಡು ತಿಂಗಳಿಗೆ ಕರು ಹಾಕುತ್ತದೆ. ಆಗ ಐದು ಕೆಚ್ಚಲು, ಎರಡು ಜೋಡಿ ಕೈ. 6:00ರ ಬೈಕು ತಪ್ಪಬಾರದು ಎಂದರೆ 5:15ರ ಬದಲು 4:50ಕ್ಕೆ ಕೂರಬೇಕು. ಮನೆಯವರು ಬೇರೆ ದಾರಿ ಹಿಡಿದಿದ್ದಾರೆ. ಪ್ಯಾಟಿಗೆ ಹೋಗುವ ಹಾಲು ಕೊಡುವ ಮೂರು ಆಕಳನ್ನು ಮೊದಲು ಹಿಂಡಿ ಬೈಕು ಕಳಿಸುವುದು. ಎಮ್ಮೆಯನ್ನೂ ಹೊಸದಾಗಿ ಕರು ಹಾಕಿದ ಆಕಳನ್ನೂ ಮನೆಯಾಕೆ ಮತ್ತು ಮಗ ಆರರ ಮೇಲೆ ಹಿಂಡಿ, ಏಳರೊಳಗೆ ಡೇರಿಗೆ ಮುಟ್ಟಿಸುವುದು. ಆ ಎರಡನ್ನು ಸಂಜೆಯೂ ಆರರ ಹೊತ್ತಿಗೇ ಹಿಂಡಬೇಕು. ಡೇರಿಯಲ್ಲಿ ಸಂಜೆ ಹಾಲು ತೆಗೆದುಕೊಳ್ಳುವುದು 6:45ರವರೆಗೆ ಮಾತ್ರ. ಆದ್ದರಿಂದ ಮಗ ಈಗಲೇ ಮುಷ್ಟಿ ಹಿಡಿದು ಹಿಂಡುವುದನ್ನು ಕಲಿಯುತ್ತಿದ್ದಾನೆ.